ಸ್ಟೀಫನ್ ರೇಖೆ: ಸಕ್ಕರೆ ಎಷ್ಟು, ಎಷ್ಟು ಸಲ?

ಸಿಹಿ ಬಾಯಿಗೆ ಬಿದ್ದ ಮೇಲೆ ಹಲ್ಲಿನ ಪಾಚಿಯಲ್ಲಿ ಆಮ್ಲ ಹೆಚ್ಚಿ ಮತ್ತೆ ತಗ್ಗುವುದನ್ನು ನಿಮಿಷಗಳ ಲೆಕ್ಕದಲ್ಲಿ ತೋರಿಸುವ ನಕ್ಷೆಗೆ ಸ್ಟೀಫನ್ ರೇಖೆ ಎಂದು ಹೆಸರು. ಆಮ್ಲ ಹೆಚ್ಚಿದಂತೆ ಪಿಎಚ್ ಅಂಕಿ ಕಡಿಮೆಯಾಗುವುದರಿಂದ ಗೆರೆ ಥಟ್ಟನೆ ಕೆಳಗೆ ಜಾರುತ್ತದೆ, ಆಮೇಲೆ ನಿಧಾನವಾಗಿ ಮೇಲೆ ಹತ್ತುತ್ತದೆ. ದಂತವೈದ್ಯ ವಿದ್ಯಾರ್ಥಿಗಳೆಲ್ಲ ಪರೀಕ್ಷೆಯಲ್ಲಿ ಬರೆಯುವ ಚಿತ್ರ ಇದು. ಹಲ್ಲು ಹುಳುಕಾಗಲು ಸಕ್ಕರೆಯ ಪ್ರಮಾಣಕ್ಕಿಂತ ಅದನ್ನು ತಿನ್ನುವ ಸಲಗಳೇ ಮುಖ್ಯ ಎಂಬ ಮಾತಿಗೆ ಇದನ್ನೇ ಪುರಾವೆಯಾಗಿ ತೋರಿಸುವುದು ವಾಡಿಕೆ. ಆದರೆ ರೇಖೆ ನಿಜಕ್ಕೂ ಅಳೆದದ್ದು ಪಾಚಿಯ ಆಮ್ಲವನ್ನೇ ಹೊರತು ಹುಳುಕನ್ನಲ್ಲ. ಈ ಎರಡರ ನಡುವಿನ ಅಂತರವನ್ನು ತುಂಬಲು ಎಂಟು ದಶಕಗಳ ಪ್ರಯೋಗಗಳೂ ಜಗಳಗಳೂ ಬೇಕಾದವು.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಬಾಯಿಯ ಸೂಕ್ಷ್ಮಜೀವಿಗಳು ಆಹಾರವನ್ನು ಹುಳಿಸಿ ಆಮ್ಲ ತಯಾರಿಸುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ವಾದಿಸಿದ್ದ. ಜೀವಂತ ಬಾಯಲ್ಲಿ ಆ ಆಮ್ಲವನ್ನು ಅಳೆಯುವ ಉಪಾಯ ಮಾತ್ರ ಅವನ ಕಾಲದಲ್ಲಿ ಇರಲಿಲ್ಲ.

ಉಪಾಯ ಕಂಡುಕೊಂಡವನು ಅಮೆರಿಕದ ರಾಬರ್ಟ್ ಸ್ಟೀಫನ್. ಪಾಚಿಯೊಳಗೆ ತೂರಿಸಬಹುದಾದಷ್ಟು ಸಣ್ಣ ಆಂಟಿಮನಿ ಎಲೆಕ್ಟ್ರೋಡಿನಿಂದ ಹಲ್ಲಿನ ಮೇಲೆಯೇ ಪಿಎಚ್ ಅಳೆದು 1940ರಲ್ಲಿ ಫಲಿತಾಂಶ ಪ್ರಕಟಿಸಿದ. ಕೆಲವು ದಿನ ಹಲ್ಲುಜ್ಜದೆ ಪಾಚಿ ದಪ್ಪಗಟ್ಟಲು ಬಿಟ್ಟವರ ಬಾಯಿಯನ್ನು ಗ್ಲೂಕೋಸ್ ನೀರಿನಿಂದ ಮುಕ್ಕಳಿಸಿದಾಗ ಪಿಎಚ್ ಕೆಲವೇ ನಿಮಿಷಗಳಲ್ಲಿ 5ರ ಆಸುಪಾಸಿಗೆ ಕುಸಿಯಿತು. ಮೊದಲಿನ ಮಟ್ಟಕ್ಕೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. 1944ರ ಲೇಖನದಲ್ಲಿ ಅವನು ಹುಳುಕು ಇಲ್ಲದವರನ್ನೂ ವಿಪರೀತ ಇರುವವರನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಹುಳುಕು ಹೆಚ್ಚಿದ್ದವರ ಗೆರೆ ಮೊದಲೇ ಕೆಳಗಿನಿಂದ ಶುರುವಾಗಿ, ಇನ್ನೂ ಆಳಕ್ಕೆ ಇಳಿದು, ತಡವಾಗಿ ಮೇಲೆ ಬರುತ್ತಿತ್ತು. ಇಂದಿನ ಪಠ್ಯಪುಸ್ತಕಗಳ ನುಣುಪಾದ ಒಂಟಿ ಗೆರೆ ಇಂಥ ಹಲವು ಗೆರೆಗಳನ್ನು ತಿದ್ದಿ ಬರೆದ ಮಾದರಿ.

ಗೆರೆಯ ಚಿತ್ರದಲ್ಲಿ ಅಡ್ಡಲಾಗಿ ಎಳೆದಿರುವ 5.5ರ ಚುಕ್ಕೆಸಾಲು ಸ್ಟೀಫನ್ನನದಲ್ಲ. ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎಷ್ಟಿವೆ ಎಂಬುದರ ಮೇಲೆ, ಎನಾಮೆಲ್ ಯಾವ ಪಿಎಚ್‌ನಲ್ಲಿ ಕರಗಲು ತೊಡಗುತ್ತದೆ ಎಂಬುದು ನಿಲ್ಲುತ್ತದೆ. ಇದನ್ನು ಬೇರೆ ಸಂಶೋಧಕರು ತೋರಿಸಿದ್ದರು. ಹೀಗಾಗಿ 5.5 ಒಂದು ಸರಾಸರಿ ಅಂಕಿ ಮಾತ್ರ, ಎಲ್ಲ ಬಾಯಿಗಳಿಗೂ ಅದೇ ಗಡಿಯಲ್ಲ. ವಸಡು ಸರಿದು ಬೇರು ಹೊರಬಿದ್ದ ಮುದಿ ಹಲ್ಲಿನಲ್ಲಿ 6ಕ್ಕಿಂತ ಮೇಲೆಯೇ ಕರಗುವಿಕೆ ಶುರುವಾಗುತ್ತದೆ. ಗೆರೆಯನ್ನು ಮತ್ತೆ ಮೇಲಕ್ಕೆತ್ತುವುದು ಜೊಲ್ಲು. ಅದು ಸಕ್ಕರೆಯನ್ನು ತೊಳೆಯುತ್ತದೆ, ಅದರೊಳಗಿನ ಬೈಕಾರ್ಬನೇಟ್ ಆಮ್ಲವನ್ನು ಮುರಿಯುತ್ತದೆ, ಕರಗಿದ ಖನಿಜದಲ್ಲಿ ಒಂದಷ್ಟು ಮತ್ತೆ ಹಲ್ಲಿಗೆ ಸೇರುತ್ತದೆ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುವುದರಿಂದ ಮಲಗುವ ಮುಂಚೆ ತಿಂದ ಸಿಹಿಯ ಗೆರೆ ಕೆಳಗೇ ಉಳಿಯುತ್ತದೆ.

‘ಎಷ್ಟು ಸಲ’ ಎಂಬ ವಾದ ಹುಟ್ಟಿದ್ದು ಇಲ್ಲಿಂದಲೇ. ಒಬ್ಬರು ದಿನಕ್ಕೆ ಆರು ಚಮಚ ಸಕ್ಕರೆ ತಿನ್ನುತ್ತಾರೆ, ಗೆರೆ ಪ್ರತಿ ಸಲ 40 ನಿಮಿಷ ಗಡಿಯ ಕೆಳಗೆ ಇರುತ್ತದೆ ಎಂದಿಟ್ಟುಕೊಳ್ಳೋಣ. ಮೂರು ಮೂರು ಚಮಚ ಹಾಕಿ ಎರಡು ಸಲ ಕುಡಿದರೆ ಹಲ್ಲು ಆಮ್ಲದಲ್ಲಿ ನೆನೆಯುವುದು 80 ನಿಮಿಷ. ಒಂದೊಂದೇ ಚಮಚ ಹಾಕಿ ಆರು ಸಲ ಕುಡಿದರೆ 240 ನಿಮಿಷ. ಸಕ್ಕರೆ ಅಷ್ಟೇ, ಆಮ್ಲದ ಹೊತ್ತು ಮೂರು ಪಟ್ಟು. ಇದಕ್ಕೆ ಕಾರಣ, ಒಂದು ಮಟ್ಟ ದಾಟಿದ ಮೇಲೆ ಸಕ್ಕರೆ ಹೆಚ್ಚಿಸಿದರೂ ಪಾಚಿಯ ಪಿಎಚ್ ಅದೇ ಅಳತೆಯಲ್ಲಿ ಕುಸಿಯುವುದಿಲ್ಲ. ಬೆಂಗಳೂರಿನ ಬೈಟೂ ಕಾಫಿ ಸಕ್ಕರೆಯನ್ನು ಅರ್ಧಕ್ಕೆ ಇಳಿಸುತ್ತದೆ ನಿಜ, ಆದರೆ ಅದೇ ಸಮಾಧಾನದಲ್ಲಿ ಎರಡರಷ್ಟು ಸಲ ಕುಡಿಯುವವರಿಗೆ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. ಲೆಕ್ಕವೂ ಕಾಗದದ ಲೆಕ್ಕವೇ. ಜೊಲ್ಲು ಧಾರಾಳವಾಗಿ ಹರಿಯುವ ಕೆಳಗಿನ ಮುಂದಿನ ಹಲ್ಲುಗಳಲ್ಲಿ ಗೆರೆ ಬೇಗ ಚೇತರಿಸಿದರೆ, ಮೇಲಿನ ಮುಂದಿನ ಹಲ್ಲುಗಳಲ್ಲಿ ತಡವಾಗುತ್ತದೆ.

ಮನುಷ್ಯರ ಮೇಲೆ ಈ ವಾದಕ್ಕೆ ಸಿಕ್ಕ ದೊಡ್ಡ ಸಾಕ್ಷ್ಯ ಸ್ವೀಡನ್ನಿನ ಲುಂಡ್ ಊರಿನ ವಿಪೆಹೋಲ್ಮ್ ಸಂಸ್ಥೆಯದು. ಅದು ಹೆಮ್ಮೆಪಡುವಂಥ ಸಾಕ್ಷ್ಯವಲ್ಲ. ಬುದ್ಧಿಮಾಂದ್ಯರೆಂದು ಅಲ್ಲಿ ಇರಿಸಲಾಗಿದ್ದವರ ಮೇಲೆ 1945ರಲ್ಲಿ ಪ್ರಯೋಗ ಶುರುವಾಯಿತು, ಅವರ ಒಪ್ಪಿಗೆ ಕೇಳಿರಲಿಲ್ಲ. ಒಂದು ಗುಂಪಿಗೆ ದಿನಕ್ಕೆ ಸುಮಾರು 300 ಗ್ರಾಂ ಸಕ್ಕರೆಯನ್ನು ಊಟದ ಜೊತೆಗಿನ ಪಾನೀಯದಲ್ಲಿ ಕೊಟ್ಟರು, ಹುಳುಕು ತುಸುವೇ ಹೆಚ್ಚಿತು. ಇನ್ನೊಂದು ಗುಂಪಿಗೆ ಹಲ್ಲಿಗೆ ಅಂಟುವಂತೆ ತಯಾರಿಸಿದ ಟಾಫಿ ದಿನಕ್ಕೆ 24, ಊಟಗಳ ನಡುವೆ. ಇವರಲ್ಲಿ ಒಬ್ಬೊಬ್ಬರಿಗೂ ವರ್ಷಕ್ಕೆ ಸುಮಾರು ನಾಲ್ಕು ಹೊಸ ಹುಳುಕುಗಳು ಕಂಡವು. ಸಿಹಿ ನಿಲ್ಲಿಸಿದಾಗ ವೇಗ ಇಳಿಯಿತು. 1954ರಲ್ಲಿ 436 ಜನರ ವರದಿ ಹೊರಬಂದ ಮೇಲೆ, ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಎಂಬ ಸಲಹೆ ಸ್ವೀಡನ್ನಿನ ಮನೆಮನೆಗೂ ಹೋಯಿತು. ಪ್ರಯೋಗದ ನೈತಿಕತೆಯನ್ನೂ ಅದರ ಹಿಂದಿದ್ದ ಉದ್ಯಮದ ಹಣವನ್ನೂ ಇತಿಹಾಸಕಾರ್ತಿ ಎಲಿನ್ ಬೊಮ್ಮೆನೆಲ್ 2006ರ ಪ್ರಬಂಧದಲ್ಲಿ ವಿವರವಾಗಿ ಬಿಡಿಸಿದರು.

ನೈತಿಕತೆ ಬದಿಗಿಟ್ಟರೂ ವಿಪೆಹೋಲ್ಮ್ ಸಲಗಳ ಪರಿಣಾಮವನ್ನು ಬೇರ್ಪಡಿಸಿ ತೋರಿಸಲಿಲ್ಲ. ಟಾಫಿ ಗುಂಪಿನಲ್ಲಿ ಸಲಗಳ ಜೊತೆಗೆ ಸಿಹಿಯ ಅಂಟೂ ತಿನ್ನುವ ಹೊತ್ತೂ ಒಟ್ಟಿಗೇ ಬದಲಾಗಿದ್ದವು. 1960ರ ಅಮೆರಿಕದ ಒಂದು ಅಧ್ಯಯನಕ್ಕೂ ಇದೇ ತೊಡಕು. ಟೆನೆಸಿಯ ಐದು ವರ್ಷದ ಮಕ್ಕಳಲ್ಲಿ ಊಟಗಳ ನಡುವೆ ಏನೂ ತಿನ್ನದವರಿಗೆ ಸರಾಸರಿ 3.3 ಕೆಟ್ಟ ಹಲ್ಲುಗಳಿದ್ದವು, ನಾಲ್ಕು ಅಥವಾ ಇನ್ನೂ ಹೆಚ್ಚು ಸಲ ತಿನ್ನುವವರಿಗೆ 9.8. ಪದೇ ಪದೇ ತಿನ್ನುವ ಮಗು ಹೆಚ್ಚೂ ತಿನ್ನುತ್ತದೆ, ಹಾಗಾಗಿ ತಪ್ಪು ಸಲಗಳದೋ ಸಕ್ಕರೆಯ ತೂಕದ್ದೋ ಎಂದು ಇಲ್ಲಿ ಹೇಳಲಾಗದು.

ತೂಕವನ್ನು ಕಟ್ಟಿಹಾಕಿ ಸಲಗಳನ್ನು ಮಾತ್ರ ಬದಲಿಸಿದ್ದು ಇಲಿಗಳಲ್ಲಿ. ಕೋನಿಗ್ ಎಂಬ ಸಂಶೋಧಕ ಮತ್ತು ಸಂಗಡಿಗರು 1968ರಲ್ಲಿ ಯಂತ್ರದಿಂದ ತುತ್ತು ಉಣಿಸಿ, ಎಲ್ಲ ಇಲಿಗಳಿಗೂ ದಿನಕ್ಕೆ 6 ಗ್ರಾಂ ಆಹಾರವನ್ನೇ 12ರಿಂದ 30 ಸಲಗಳಲ್ಲಿ ಹಂಚಿದರು. 12 ಸಲಕ್ಕೆ ಸರಾಸರಿ 0.7 ಹುಳುಕು, 30 ಸಲಕ್ಕೆ 4.7. ಇಷ್ಟು ಶುದ್ಧ ಉತ್ತರ ಮನುಷ್ಯರಿಂದ ಸಿಕ್ಕಿಲ್ಲ.

ಮನುಷ್ಯರ ಉತ್ತರ ಕೆಲವೊಮ್ಮೆ ತಿರುಗಿಯೇ ಬಿದ್ದಿತು. ಇಂಗ್ಲೆಂಡಿನ ನಾರ್ಥಂಬರ್ಲೆಂಡಿನ 405 ಮಕ್ಕಳನ್ನು ಎರಡು ವರ್ಷ ಗಮನಿಸಿ 1984ರಲ್ಲಿ ಬಂದ ವರದಿಯಲ್ಲಿ ಹುಳುಕಿಗೆ ಹೆಚ್ಚು ಹೊಂದಿಕೆಯಾದದ್ದು ದಿನದ ಸಕ್ಕರೆಯ ತೂಕವೇ, ಅದೂ ಬಲು ತೆಳುವಾಗಿ. ಫಿನ್ಲೆಂಡಿನ 1,702 ವಯಸ್ಕರನ್ನು 11 ವರ್ಷ ಅನುಸರಿಸಿದ 2016ರ ಅಧ್ಯಯನವೂ ಪ್ರಮಾಣದ ಕಡೆಗೇ ವಾಲಿತು. ಈ ಕಾಲಕ್ಕೆ ಫ್ಲೋರೈಡ್ ಪೇಸ್ಟ್ ಎಲ್ಲರ ಮನೆಯಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ. ಬಾಯಲ್ಲಿ ಎನಾಮೆಲ್ ತುಣುಕು ಇಟ್ಟು ಲೀಡ್ಸ್‌ನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫ್ಲೋರೈಡ್ ಇಲ್ಲದ ಪೇಸ್ಟ್ ಬಳಸಿದವರಿಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಸಕ್ಕರೆಯಾದರೆ ಖನಿಜ ನಷ್ಟ ಗಣನೀಯವಾಯಿತು. ಫ್ಲೋರೈಡ್ ಇದ್ದವರು ಐದು ಸಲದವರೆಗೂ ತಡೆದುಕೊಂಡರು.

ಹೀಗಾಗಿ ‘ಸಲಗಳೇ ಮುಖ್ಯ’ ಎಂಬುದು ಒಂದೇ ಬಾಯಿ, ಒಂದೇ ತೂಕದ ಸಕ್ಕರೆ ಎಂದಾಗ ನಿಲ್ಲುವ ಮಾತು. ಊರಿಗೆ ಊರನ್ನೇ ಅಳೆದಾಗ ಸಲವನ್ನೂ ತೂಕವನ್ನೂ ಬಿಡಿಸುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಿತಿ ಹಾಕಿದ್ದು ತೂಕದ ಲೆಕ್ಕದಲ್ಲಿ: ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆ ಮುಂತಾದವುಗಳ ಪಾಲು ಶೇಕಡಾ 10ಕ್ಕಿಂತ ಕಡಿಮೆ, ಸಾಧ್ಯವಾದರೆ 5ಕ್ಕಿಂತ ಕಡಿಮೆ. ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ‘ಹಲ್ಲಿಗೆ ಹಿತ’ ಮುದ್ರೆ ಮಾತ್ರ ಇಂದಿಗೂ ಸ್ಟೀಫನ್ನನ ಹಾದಿಯಲ್ಲೇ ಇದೆ. ಮಿಠಾಯಿ ತಿನ್ನುವಾಗಲೂ ತಿಂದ ಮೇಲಿನ 30 ನಿಮಿಷಗಳಲ್ಲೂ ಪಾಚಿಯ ಪಿಎಚ್ 5.7ಕ್ಕಿಂತ ಕೆಳಗಿಳಿದರೆ ಆ ಮುದ್ರೆ ಸಿಗುವುದಿಲ್ಲ.