ಬೆಳಗಿನ ಕೆಂಗಣ್ಣಿಗೆ ಮೂರು ಕಾರಣ, ಅಂಗಡಿಯಲ್ಲಿ ಒಂದೇ ಬಾಟಲಿ

2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹರಡಿ ಆರೋಗ್ಯ ಇಲಾಖೆ ಸೂಚನೆಗಳನ್ನು ಹೊರಡಿಸಬೇಕಾಯಿತು. ಆ ಅಲೆ ಇಳಿದು ಹೋಯಿತು, ಆದರೆ ಒಂದು ಅಭ್ಯಾಸ ಉಳಿದುಕೊಂಡಿತು. ಬೆಳಿಗ್ಗೆ ಎದ್ದಾಗ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೆ ಸಾಕು, ಮನೆಯವರೇ ಅದನ್ನು ಮದ್ರಾಸ್ ಐ ಎಂದು ತೀರ್ಮಾನಿಸಿ ಮೆಡಿಕಲ್ ಸ್ಟೋರಿನಿಂದ ಡ್ರಾಪ್ಸ್ ತರಿಸುತ್ತಾರೆ. ಬೆಂಗಳೂರು ಗ್ರಾಮಾಂತರದಂಥ ಜಿಲ್ಲೆಯಲ್ಲಿ ಈ ತೀರ್ಮಾನ ತಪ್ಪುವ ಸಂಭವ ಹೆಚ್ಚು. ಇಲ್ಲಿ ಮಳೆ ಬಿದ್ದ ಮೇಲೆ ಖಾಲಿ ಸೈಟು, ಬೀಳು ಹೊಲಗಳಲ್ಲಿ ಪಾರ್ಥೇನಿಯಂ ಹೂ ಬಿಡುತ್ತದೆ. ಚಳಿಗಾಲದಲ್ಲಿ ರಾಗಿ ಒಕ್ಕಣೆಯ ದೂಳು ಏಳುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಜನ ನೂಲಿನ ಮೇಲೆ ಗಂಟೆಗಟ್ಟಲೆ ಕಣ್ಣು ನೆಟ್ಟಿರುತ್ತಾರೆ. ದೇವನಹಳ್ಳಿ ಕಡೆ ಎಸಿ ಕಚೇರಿಗಳ ರಾತ್ರಿ ಪಾಳಿ ಬೇರೆ.

ಅಲರ್ಜಿ, ಸೋಂಕು, ಒಣಗಣ್ಣು ಈ ಮೂರೂ ಬೆಳಗಿನ ಹೊತ್ತು ಒಂದೇ ಥರ ಕಾಣುವುದಕ್ಕೆ ಕಾರಣವಿದೆ. ಎಚ್ಚರವಿರುವಾಗ ರೆಪ್ಪೆ ಬಡಿಯುತ್ತ ಕಣ್ಣನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಆ ಕೆಲಸ ನಿಂತು, ಕಣ್ಣೀರಿನ ಉತ್ಪತ್ತಿಯೂ ತೀರ ಇಳಿಯುತ್ತದೆ. ರಾತ್ರಿಯಿಡೀ ಕಣ್ಣಿನ ಮೇಲೆ ಏನಿತ್ತೋ ಅದು ಅಲ್ಲೇ ಕೂಡಿಕೊಂಡು ಬೆಳಿಗ್ಗೆ ಕೆಂಪು, ಗೀಜು, ನೀರಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಬರೀ ಕೆಂಪು ನೋಡಿ ಏನನ್ನೂ ಹೇಳಲಾಗದು. ಕಣ್ಣು ಕಡಿಯುತ್ತದೆಯೋ ಉರಿಯುತ್ತದೆಯೋ, ರೆಪ್ಪೆಗೆ ಅಂಟಿದ್ದು ಎಂಥದ್ದು, ಶುರುವಾಗಿದ್ದು ಒಂದು ಕಣ್ಣಿನಲ್ಲೋ ಎರಡರಲ್ಲೋ, ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಎಂಬ ಪ್ರಶ್ನೆಗಳಿಂದಲೇ ದಾರಿ ಸಿಗುತ್ತದೆ. ಈ ಪ್ರಶ್ನೆಗಳು ವೈದ್ಯಶಾಸ್ತ್ರಕ್ಕೆ ಒಟ್ಟಿಗೆ ಬಂದವಲ್ಲ. ಮೂರು ರೋಗಗಳ ಅಧ್ಯಯನ ಮೂರು ಬೇರೆ ದಾರಿಗಳಲ್ಲಿ ನಡೆಯಿತು.

ಮೊದಲು ಮುಂದೆ ಹೋದದ್ದು ಸೋಂಕಿನ ಅಧ್ಯಯನ. 1883ರಲ್ಲಿ ಕಾಲರಾ ಹುಡುಕಿ ಈಜಿಪ್ಟಿಗೆ ಹೋದ ರಾಬರ್ಟ್ ಕಾಖ್ ಅಲ್ಲಿನ ಕಣ್ಣುಬೇನೆಯ ಕೀವಿನಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡ. ಆಗ ಶುರುವಾದ ನೋಟ ಬಹುಕಾಲ ನಡೆಯಿತು: ಕೆಂಗಣ್ಣು ಎಂದರೆ ಕೀಟಾಣು, ಕೀಟಾಣು ಎಂದರೆ ಕೊಲ್ಲುವ ಔಷಧ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದ 1913ರ ಕಾಲದಲ್ಲೂ, ಆಮೇಲೆ ಹಲವು ದಶಕ ಕೂಡ, ದೇಶದ ದೊಡ್ಡ ಚಿಂತೆ ಟ್ರಕೋಮಾ ಆಗಿತ್ತು. ರೆಪ್ಪೆಯ ಒಳಮೈಯನ್ನು ಗಾಯದ ಕಲೆಗಳಿಂದ ಮಡಚಿ ಕುರುಡು ಮಾಡುತ್ತಿದ್ದ ರೋಗ ಅದು. 1963ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮಾ ಭಾರತದಲ್ಲಿ ಕೊನೆಗೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಒಪ್ಪಿಕೊಂಡಿತು. ಆ ಯುದ್ಧದಲ್ಲಿ ಆಂಟಿಬಯಾಟಿಕ್ ಗೆದ್ದಿತು ಎಂಬುದು ನಿಜ. ಕೆಂಗಣ್ಣಿಗೆಲ್ಲ ಅದೇ ಮದ್ದು ಎಂಬ ನಂಬಿಕೆ ಗಟ್ಟಿಯಾದದ್ದೂ ಆ ಗೆಲುವಿನಿಂದಲೇ ಎಂದು ನನಗನ್ನಿಸುತ್ತದೆ.

ಊರೂರು ಸುತ್ತುವ ಕಣ್ಣುಬೇನೆಯ ಮೂಲ ಬೇರೆ. 1955ರಲ್ಲಿ ಅರ್ನೆಸ್ಟ್ ಜಾವೆಟ್ಜ್ ಮತ್ತು ಸಂಗಡಿಗರು ಇಂಥ ರೋಗಿಗಳ ಕಣ್ಣಿನಿಂದ ಅಡಿನೋವೈರಸ್‌ನ ಒಂದು ಬಗೆಯನ್ನು ಬೇರ್ಪಡಿಸಿದರು. 1969ರಲ್ಲಿ ಘಾನಾದಲ್ಲಿ ಹೊಸದೊಂದು ಕಣ್ಣುಬೇನೆ ಎದ್ದಿತು. ಬಿಳಿಗುಡ್ಡೆಯಲ್ಲಿ ರಕ್ತ ಒಸರುತ್ತಿದ್ದ ಆ ಬೇನೆಗೆ, ಚಂದ್ರನ ಮೇಲೆ ಮನುಷ್ಯ ಇಳಿದ ವರ್ಷವಾದ್ದರಿಂದ, ಅಲ್ಲಿನವರು ಅಪೊಲೊ ರೋಗ ಎಂದರು. ಎಂಟೆರೊವೈರಸ್ ಗುಂಪಿನ ಈ ಸೋಂಕು 1971ರಲ್ಲಿ ಬಂಗಾಳಕ್ಕೆ ಬಂದಾಗ, ಯುದ್ಧದ ಕಾಲವಾದ್ದರಿಂದ, 'ಜೈ ಬಾಂಗ್ಲಾ' ಆಯಿತು. ಅಡಿನೋವೈರಸ್ ಆದರೆ ಬೇನೆ ಎರಡು ಮೂರು ವಾರ ಎಳೆಯಬಹುದು, ಕರಿಗುಡ್ಡೆಯ ಮೇಲೆ ಮಂಜಿನ ಚುಕ್ಕೆಗಳನ್ನೂ ಬಿಟ್ಟುಹೋಗಬಹುದು. ಎಂಟೆರೊವೈರಸ್ ಒಂದೆರಡು ದಿನದಲ್ಲಿ ಹತ್ತಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಎರಡಕ್ಕೂ ಆಂಟಿಬಯಾಟಿಕ್ ತಾಗುವುದಿಲ್ಲ.

ಗುರುತು ಹಿಡಿಯುವುದು ಹೇಗೆ? ವೈರಸ್ ಸೋಂಕು ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಶುರುವಾಗಿ ಎರಡು ಮೂರು ದಿನದಲ್ಲಿ ಇನ್ನೊಂದಕ್ಕೆ ದಾಟುತ್ತದೆ. ತೆಳುವಾದ ನೀರು ಬರುತ್ತದೆ, ಕಿವಿಯ ಮುಂದೆ ಒತ್ತಿದರೆ ನೋಯುವ ಸಣ್ಣ ಗಂಟು ಸಿಗಬಹುದು, ಮನೆಯಲ್ಲೋ ಶಾಲೆಯಲ್ಲೋ ಇನ್ನೊಬ್ಬರಿಗೆ ಅದೇ ಬೇನೆ ಇರುತ್ತದೆ. ಬ್ಯಾಕ್ಟೀರಿಯಾ ಆದರೆ ಹಳದಿ ಕೀವು, ಒರೆಸಿದಷ್ಟೂ ಮತ್ತೆ ಬರುತ್ತದೆ. 2004ರಲ್ಲಿ ನೆದರ್ಲೆಂಡ್ಸ್‌ನ ರೀಟ್‌ವೆಲ್ಡ್ ಮತ್ತು ಸಂಗಡಿಗರು, ಸೋಂಕಿನ ಕೆಂಗಣ್ಣು ಎಂದು ಸಾಮಾನ್ಯ ವೈದ್ಯರ ಬಳಿಗೆ ಬಂದ 177 ಜನರನ್ನು ಪರೀಕ್ಷಿಸಿದರು. ಬ್ಯಾಕ್ಟೀರಿಯಾ ಸಿಕ್ಕಿದ್ದು ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ. ಬೆಳಿಗ್ಗೆ ಎರಡೂ ಕಣ್ಣು ಅಂಟಿಕೊಂಡಿದ್ದರೆ ಬ್ಯಾಕ್ಟೀರಿಯಾದ ಸಂಭವ ಹೆಚ್ಚು, ಕಡಿತವಿದ್ದರೆ ಕಡಿಮೆ ಎಂದೂ ಅವರು ಕಂಡರು. ಎದ್ದ ಕೂಡಲೇ ಕನ್ನಡಿಯ ಮುಂದೆ ಯಾರು ಬೇಕಾದರೂ ಗಮನಿಸಬಹುದಾದ ಲಕ್ಷಣಗಳಿವು.

ಕಡಿತದ ಕಥೆಯೇ ಅಲರ್ಜಿಯ ಕಥೆ. 1873ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಲಾಕ್ಲಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಹುಲ್ಲಿನ ಪರಾಗವೇ ಸೀನು ಮತ್ತು ಕಣ್ಣುರಿಗೆ ಕಾರಣ ಎಂದು ತೋರಿಸಿದ. 1960ರ ದಶಕದಲ್ಲಿ ಎರಡು ಹೆಜ್ಜೆ ಒಟ್ಟಿಗೆ ಬಿದ್ದವು. ಲೈಡನ್‌ನ ವೂರ್‌ಹಾರ್ಸ್ಟ್ ಮತ್ತು ಸ್ಪೀಕ್ಸ್ಮ ಮನೆದೂಳಿನ ಅಲರ್ಜಿಗೆ ಹಾಸಿಗೆ ದಿಂಬುಗಳಲ್ಲಿ ಬದುಕುವ ನುಸಿ ಕಾರಣ ಎಂದು ತೋರಿಸಿದರು. ಅದೇ ಕಾಲದಲ್ಲಿ ಅಮೆರಿಕದಲ್ಲಿದ್ದ ಇಷಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಸಂಶೋಧಕರು ಅಲರ್ಜಿಯನ್ನು ಹೊತ್ತಿಸುವ ಐಜಿಇ ಎಂಬ ಪ್ರತಿಕಾಯವನ್ನು ಕಂಡುಕೊಂಡರು. ಹಗಲಿಗಿಂತ ಎದ್ದಾಗಲೇ ಕಡಿತ ಹೆಚ್ಚೆಂದರೆ ದಿಂಬಿನ ಮೇಲೆ ಅನುಮಾನ ಪಡಲು ಆಗಿನಿಂದ ಆಧಾರ ಸಿಕ್ಕಿತು. ಹೊರಗೆ ಓಡಾಡಿ ಬಂದ ಮೇಲೆ ಹೆಚ್ಚೆಂದರೆ ಪರಾಗದ ಮೇಲೆ.

ನಮ್ಮ ಕಡೆಗೆ ಬಂದರೆ, 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದ ಪಾರ್ಥೇನಿಯಂ, ನಮ್ಮ ಜನರ ಕಾಂಗ್ರೆಸ್ ಗಿಡ, ಬೇಗನೆ ಬೆಂಗಳೂರಿನ ಸುತ್ತ ಆವರಿಸಿತು. ಅದು ಚರ್ಮಕ್ಕೆ ತುರಿಕೆ ತರುತ್ತದೆಂಬುದು ಮೊದಲೇ ಗೊತ್ತಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಬೆಂಗಳೂರಿನ ರೋಗಿಗಳನ್ನು ಪರೀಕ್ಷಿಸಿ, ಅದರ ಪರಾಗ ಮೂಗಿನ ಅಲರ್ಜಿಗೂ ಕಾರಣವೆಂದು 1990ರ ಆಸುಪಾಸಿನಲ್ಲಿ ತೋರಿಸಿದರು. ಮೂಗಿನ ಅಲರ್ಜಿ ಇರುವವರಲ್ಲಿ ಬಹಳಷ್ಟು ಜನಕ್ಕೆ ಕಣ್ಣೂ ಕಡಿಯುತ್ತದೆ. ಅಲರ್ಜಿಯ ಕಣ್ಣಿನಲ್ಲಿ ಕೀವು ಇರುವುದಿಲ್ಲ, ಎಳೆದರೆ ದಾರದಂತೆ ಬರುವ ಬಿಳಿ ಅಂಟು ಇರುತ್ತದೆ. ಎರಡೂ ಕಣ್ಣು ಒಟ್ಟಿಗೆ ಕೆಂಪಾಗುತ್ತವೆ, ಸೀನೂ ಜೊತೆಗಿರುತ್ತದೆ. ಉಜ್ಜಿದಷ್ಟೂ ಕಡಿತ ಹೆಚ್ಚು, ಯಾಕೆಂದರೆ ಉಜ್ಜಿದಾಗ ಜೀವಕೋಶಗಳಿಂದ ಇನ್ನಷ್ಟು ಹಿಸ್ಟಮಿನ್ ಹೊರಬರುತ್ತದೆ. ತಣ್ಣೀರ ಬಟ್ಟೆ, ಓಲೋಪಟಡಿನ್‌ನಂಥ ಡ್ರಾಪ್ಸ್ ಬಹಳ ಜನಕ್ಕೆ ಸಾಕು. ಶಾಲೆಗೆ ಹೋಗುವ ವಯಸ್ಸಿನ ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಾಣುವ ವರ್ನಲ್ ಬಗೆಯ ಅಲರ್ಜಿ ಮಾತ್ರ ಬೇರೆಯೇ ಕಥೆ. ಮೇಲ್ರೆಪ್ಪೆಯ ಒಳಗೆ ಗಂಟುಗಂಟಾಗಿ, ಬೆಳಕು ಕಂಡರೆ ಮಗು ಕಣ್ಣು ಮುಚ್ಚಿಕೊಳ್ಳುತ್ತದೆ. ಅದನ್ನು ಕಣ್ಣಿನ ವೈದ್ಯರೇ ವರ್ಷಗಟ್ಟಲೆ ನೋಡಿಕೊಳ್ಳಬೇಕು.

ಒಣಗಣ್ಣು ಹಿಂದೆ ಉಳಿದ ಕ್ಷೇತ್ರ. ಒಟ್ಟೊ ಶಿರ್ಮರ್ 1903ರಲ್ಲೇ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಕಣ್ಣೀರು ಅಳೆದ. ಐದು ನಿಮಿಷದಲ್ಲಿ 5 ಮಿ.ಮೀ.ಗಿಂತ ಕಡಿಮೆ ನೆನೆದರೆ ನೀರು ಕಮ್ಮಿ ಎಂದು ಇಂದಿಗೂ ಲೆಕ್ಕ. 1933ರಲ್ಲಿ ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ ಒಣಗಣ್ಣು, ಒಣಬಾಯಿ, ಕೀಲುನೋವು ಸೇರಿದ ರೋಗವನ್ನು ವಿವರಿಸಿದ. ಹೀಗಾಗಿ ಬಹುಕಾಲ ಒಣಗಣ್ಣೆಂದರೆ ನೀರಿನ ಕೊರತೆ ಎಂದೇ ಅರ್ಥ. ನೀರು ಸುರಿಯುವ ಕಣ್ಣು ಒಣಗಣ್ಣು ಆಗಬಹುದೆಂದು ಯಾರಿಗೆ ಹೊಳೆದೀತು? 2007ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ವ್ಯಾಖ್ಯೆ ತಿದ್ದಿತು, 2017ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಿತು. ಕಣ್ಣೀರಿನ ಪೊರೆಯ ಸ್ಥಿರತೆಯೇ ಮುಖ್ಯ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳ ಎಣ್ಣೆ ಕಟ್ಟಿಕೊಂಡರೆ ನೀರು ಬೇಗ ಆರುತ್ತದೆ. ಆರಿದ ಕಣ್ಣು ಕೆರಳಿ ಒಮ್ಮೆಲೇ ನೀರು ಸುರಿಸುತ್ತದೆ, ಆದರೆ ಎಣ್ಣೆಯಿಲ್ಲದ ಆ ನೀರು ನಿಲ್ಲದೆ ಕೆನ್ನೆಗೆ ಹರಿದುಹೋಗುತ್ತದೆ.

ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ದೊಡ್ಡಬಳ್ಳಾಪುರದ ನಲವತ್ತೈದರ ಆಸುಪಾಸಿನ ಮಗ್ಗದ ಕೆಲಸದ ಹೆಂಗಸು. ಆರು ತಿಂಗಳಿಂದ ಬೆಳಿಗ್ಗೆ ಕೆಂಗಣ್ಣು, ನೀರು. ಚೀಲದಲ್ಲಿ ಮೂರು ಡ್ರಾಪ್ಸ್ ಬಾಟಲಿ, ಮೂರೂ ಆಂಟಿಬಯಾಟಿಕ್, ಒಂದರಲ್ಲಿ ಸ್ಟಿರಾಯ್ಡೂ ಸೇರಿದೆ. "ಕಡಿಯುತ್ತಾ, ಉರಿಯುತ್ತಾ ಅಮ್ಮಾ?" ಎಂದು ವೈದ್ಯರು ಕೇಳಿದರೆ ಉತ್ತರ ಹೀಗಿರುತ್ತದೆ: "ಉರೀತದೆ ಸಾರ್, ಮಣ್ಣು ಬಿದ್ದಂಗೆ ಚುಚ್ತದೆ. ಗಾಳಿಗೆ ಹೋದ್ರೆ ನೀರು ಸುರೀತದೆ." ಮನೆಯಲ್ಲಿ ಬೇರೆ ಯಾರಿಗೂ ಇಲ್ಲ, ಸೀನಿಲ್ಲ, ಕೀವಿಲ್ಲ. ಆರು ತಿಂಗಳು ಎಂಬ ಒಂದೇ ಮಾತು ಸಾಮಾನ್ಯ ಸೋಂಕನ್ನು ಬಹುಮಟ್ಟಿಗೆ ದೂರ ಮಾಡುತ್ತದೆ. ವೈದ್ಯರು ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ, ಹತ್ತು ಸೆಕೆಂಡಾದರೂ ನಿಲ್ಲಬೇಕಾದ ಪೊರೆ ನಾಲ್ಕಕ್ಕೇ ಒಡೆಯುತ್ತದೆ. ಶಿರ್ಮರ್ ಪಟ್ಟಿ 14 ಮಿ.ಮೀ. ನೆನೆಯುತ್ತದೆ, ಅಂದರೆ ನೀರಿನ ಕೊರತೆಯಿಲ್ಲ. ರೆಪ್ಪೆಯಂಚನ್ನು ಒತ್ತಿದರೆ ತಿಳಿ ಎಣ್ಣೆಯ ಬದಲು ಟೂತ್‌ಪೇಸ್ಟಿನಂಥ ಗಟ್ಟಿ ಬಿಳಿ ಹೊರಬರುತ್ತದೆ. ಇದು ಎಣ್ಣೆ ಕಟ್ಟಿದ ಒಣಗಣ್ಣು. ಕಂಪ್ಯೂಟರ್ ಮುಂದೆ ಕೂತವರ ಒಣಗಣ್ಣು ಸಂಜೆ ಹೊತ್ತಿಗೆ ಹೆಚ್ಚಾಗುತ್ತದೆ. ಎದ್ದಾಗಲೇ ಹೆಚ್ಚಾಗಿರುವುದು ರೆಪ್ಪೆಯಂಚಿನ ರೋಗವನ್ನು ತೋರಿಸುತ್ತದೆ, ಇಲ್ಲವೇ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದಿರುವುದನ್ನು. ಕಣ್ಣು ಪೂರ್ತಿ ಮುಚ್ಚುತ್ತದೆಯೇ ಎಂದು ಮನೆಯವರು ರಾತ್ರಿ ಟಾರ್ಚ್ ಹಿಡಿದು ನೋಡಿದರೆ ತಿಳಿಯುತ್ತದೆ.

ಎಣ್ಣೆ ಕಟ್ಟಿದ ಒಣಗಣ್ಣಿಗೆ ಚಿಕಿತ್ಸೆ ಸರಳ, ಆದರೆ ಬೇಜಾರು ತರಿಸುವಂಥದ್ದು. ಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ದಿನಕ್ಕೆರಡು ಬಾರಿ, ಬಿಸಿ ಆರದಂತೆ ಬದಲಿಸುತ್ತ, ಐದರಿಂದ ಹತ್ತು ನಿಮಿಷ ರೆಪ್ಪೆಯ ಮೇಲಿಡಬೇಕು. ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಮೆಲ್ಲಗೆ ಒತ್ತಿ ಸವರಿ, ಅಂಚನ್ನು ಒರೆಸಬೇಕು. ಕೃತಕ ಕಣ್ಣೀರು ಹಾಕಿಕೊಳ್ಳಬೇಕು, ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದು. ಫ್ಯಾನಿನ ಗಾಳಿ ಮುಖಕ್ಕೆ ನೇರ ಬೀಳದಂತೆ ಮಲಗಬೇಕು. ವಾರಗಳು ಹಿಡಿಯುತ್ತದೆ, ಬಿಟ್ಟರೆ ಮರುಕಳಿಸುತ್ತದೆ.

ಅಲರ್ಜಿ, ಸೋಂಕು, ಒಣಗಣ್ಣು ಮೂರೂ ಒಬ್ಬರಲ್ಲೇ ಸೇರಿಕೊಳ್ಳುವುದುಂಟು. ಅಲರ್ಜಿ ಇದ್ದವರಿಗೆ ಪೊರೆ ಬೇಗ ಒಡೆಯುತ್ತದೆ, ಒಣಗಿದ ಕಣ್ಣಿನಲ್ಲಿ ಪರಾಗ ಬೇಗ ತೊಳೆದುಹೋಗುವುದಿಲ್ಲ. ಅಂಥವರಿಗೆ ದೀಪದಡಿ ಪರೀಕ್ಷೆಯಿಲ್ಲದೆ ಹೇಳುವುದು ವೈದ್ಯರಿಗೂ ಕಷ್ಟ. ಹಾಗೆಯೇ ತೀವ್ರ ನೋವು, ಮಂಜಾದ ನೋಟ, ಬೆಳಕು ಸಹಿಸಲಾಗದಿರುವುದು, ಕಾಂಟ್ಯಾಕ್ಟ್ ಲೆನ್ಸ್, ನವಜಾತ ಶಿಶು, ಹೊಲದಲ್ಲಿ ಗರಿ ಅಥವಾ ಕಡ್ಡಿ ತಾಗಿ ಕೆಂಪಾದ ಕಣ್ಣು, ಇವು ಯಾವುವೂ ಈ ಮೂರರ ಲೆಕ್ಕಕ್ಕೆ ಬರುವುದಿಲ್ಲ. ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಗರಿ ತಾಗಿದ ಕಣ್ಣಿನಲ್ಲಿ ಶಿಲೀಂಧ್ರ ಬೆಳೆದಿದ್ದರೆ ಸ್ಟಿರಾಯ್ಡ್ ಹನಿ ಅದನ್ನು ಇನ್ನಷ್ಟು ಬೆಳೆಸುತ್ತದೆ.

ಅಪಾಯವಿರುವುದು ಸ್ಟಿರಾಯ್ಡ್ ಸೇರಿದ ಬಾಟಲಿಯಲ್ಲೇ. ಸ್ಟಿರಾಯ್ಡ್ ಹಾಕಿದರೆ ಯಾವ ಕೆಂಪಾದರೂ ಒಂದೆರಡು ದಿನದಲ್ಲಿ ಇಳಿಯುವುದರಿಂದ ಔಷಧ ಹಿಡಿಯಿತು ಎನಿಸುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊತ್ತಡ ಏರಿ, ನೋವಿಲ್ಲದೆ ನೋಟದ ಅಂಚು ಕಳೆದುಹೋಗುತ್ತದೆ. ಕ್ಯಾಟರಾಕ್ಟ್ ಕೂಡ ಬರಬಹುದು. ವರ್ನಲ್ ಅಲರ್ಜಿಯ ಮಕ್ಕಳಲ್ಲಿ ಹೀಗೆ ಗ್ಲೌಕೋಮಾ ಆದದ್ದನ್ನು ಭಾರತದ ಕಣ್ಣಿನ ವೈದ್ಯರು ಮತ್ತೆ ಮತ್ತೆ ಬರೆದಿದ್ದಾರೆ. ಮನೆಯಲ್ಲಿರುವ ಡ್ರಾಪ್ಸ್ ಬಾಟಲಿಯ ಸಣ್ಣಕ್ಷರಗಳನ್ನು ಒಮ್ಮೆ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಯಾವ ಹೆಸರಿದ್ದರೂ, ನಿಮ್ಮ ಕಣ್ಣನ್ನು ಪರೀಕ್ಷಿಸಿದ ವೈದ್ಯರು ಬರೆದುಕೊಟ್ಟ ದಿನಗಳಿಗಿಂತ ಒಂದು ದಿನವೂ ಹೆಚ್ಚು ಹಾಕಿಕೊಳ್ಳಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ.