ಮುಖಜೋಡಣೆ, ಹಳೆಯ ಛಾಯಾಚಿತ್ರಗಳಲ್ಲಿ

ಸ್ಕ್ಯಾನ್ ಮಾಡಿದ ಮಾಸಲು ಕಪ್ಪು-ಬಿಳುಪು ಚಿತ್ರದಲ್ಲಿ ಹಾಳಾದ ಮುಖದ ಜಾಗಕ್ಕೆ ಅದೇ ವ್ಯಕ್ತಿಯ ಬೇರೊಂದು ಚಿತ್ರದ ಮುಖವನ್ನು ಕೂರಿಸುವ ಕೆಲಸ. ಬಾಗಲಕೋಟೆ, ಹುನಗುಂದದ ಕಡೆಯ ಮನೆಯೊಂದರ, ತಲೆ ತುಂಬ ಇಳಕಲ್ ಸೀರೆಯ ಸೆರಗು ಹೊದ್ದ ಅಜ್ಜಿಯ ಚಿತ್ರವನ್ನು ಉದಾಹರಣೆಯಾಗಿ ನೋಡಬಹುದು.

ಮುಖದ ಓರೆಯೂ ಬೆಳಕಿನ ದಿಕ್ಕೂ ಹೊಂದದಿದ್ದರೆ ಮುಂದಿನ ಶ್ರಮವೆಲ್ಲ ದಂಡ. ಹೊಂದಿದರೆ ಮುಖದ ಬಣ್ಣ ತೆಗೆದು, ಸೆರಗಿನ ಅಂಚಿನ ಕೆಳಗಿನ ಪದರದಲ್ಲಿಟ್ಟು, ಹಣೆಯ ಮೇಲೆ ಸೆರಗಿನ ನೆರಳನ್ನು ತೆಳುವಾಗಿ ಎಳೆಯಬೇಕು. ಮಾಸಿದ ಚಿತ್ರದಲ್ಲಿ ಅಚ್ಚ ಕಪ್ಪೂ ಇರುವುದಿಲ್ಲ, ಅಚ್ಚ ಬಿಳುಪೂ ಇರುವುದಿಲ್ಲ. ಸೆರಗಿನ ಕೆಂಪೂ ಇಲ್ಲಿ ಬೂದುಬಣ್ಣವಾಗಿರುತ್ತದೆ. ಚಿತ್ರದ ಅತಿ ಕಪ್ಪಾದ ಜಾಗವೇ ಕಪ್ಪಿಗೆ ಅಳತೆಗೋಲು. ಅಲ್ಲಿ 60, ಅತಿ ಬೆಳ್ಳಗಿನ ಜಾಗದಲ್ಲಿ 205 ಬಂದರೆ, ಮುಖದ ಪದರಕ್ಕೆ Output Levels ಅನ್ನು 60 ಮತ್ತು 205ಕ್ಕೆ ಹೊಂದಿಸಬೇಕು. ಇಲ್ಲವಾದರೆ ಕಣ್ಣಪಾಪೆ ಮಸಿಯಿಟ್ಟಂತೆ ಎದ್ದು ಕಾಣುತ್ತದೆ. ಮುಖವನ್ನು ಸುತ್ತಲಿನಷ್ಟೇ ಮಸುಕಾಗಿಸಿದ ಮೇಲೆ ಕಣಗಳನ್ನು ಸೇರಿಸಬೇಕು. ಕ್ರಮ ತಪ್ಪಿದರೆ ಕಣಗಳೂ ಕರಗಿಹೋಗುತ್ತವೆ.

ಗೀರುಗಳು ಕೆನ್ನೆಯ ಅಂಚಿಗೆ ಬಂದು ತಟ್ಟನೆ ನಿಲ್ಲುವುದು ಸಾಮಾನ್ಯ ತಪ್ಪು. ಮೂಲದಲ್ಲಿ ಉಳಿದ ಬಿಳಿ ಗೀರನ್ನೇ ನಕಲಿಸಿ, ಮುಖದ ಮೇಲಿನ ಪದರದಲ್ಲಿ Lighten ಮೂಲಕ ಮುಂದುವರಿಸಬೇಕು. ಕಂದು ಛಾಯೆಯನ್ನು ಕೊನೆಗೆ ಎಲ್ಲ ಪದರಗಳ ಮೇಲೂ ಒಟ್ಟಿಗೆ ಹರಡಲಾಗುತ್ತದೆ. ಕಾಂಟ್ರಾಸ್ಟನ್ನು ತಾತ್ಕಾಲಿಕವಾಗಿ ವಿಪರೀತ ಏರಿಸಿ ನೋಡಿದರೆ ಜೋಡಣೆಯ ಅಂಚೂ ಕಣವಿಲ್ಲದ ನುಣುಪು ತೇಪೆಯೂ ಬಯಲಾಗುತ್ತವೆ.