ಶರ್ಟಿನ ಕತ್ತು ಎದೆಯಳತೆಯಿಂದ ಹುಟ್ಟಿದ್ದೇ?

ಶರ್ಟಿನ ಡ್ರಾಫ್ಟಿಂಗ್ ಚರಿತ್ರೆ ಬರೆದವರಲ್ಲಿ ಬಹುತೇಕರು ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡಿದ್ದಾರೆ: ಎದೆಯಳತೆಯೇ ಮೂಲ, ಉಳಿದವೆಲ್ಲ ಅದರ ಭಾಗಗಳು. ನಮ್ಮ ಹೊಲಿಗೆ ತರಗತಿಗಳ ನೋಟ್‌ಪುಸ್ತಕಗಳಲ್ಲಿ ಕತ್ತಿನ ಅಗಲಕ್ಕೆ ‘ಎದೆಯ ಹನ್ನೆರಡನೇ ಒಂದು ಭಾಗ’ ಎಂಬ ಸೂತ್ರ ಉಳಿದಿರುವುದನ್ನೇ ಅವರು ಸಾಕ್ಷಿಯಾಗಿ ಕೊಡುತ್ತಾರೆ. ಆ ಸಾಕ್ಷಿ ಕೋಟಿನದು, ಶರ್ಟಿನದಲ್ಲ.

ಎದೆಯನ್ನು ಆಧಾರವಾಗಿಟ್ಟು ಉಳಿದ ಅಂಗಗಳನ್ನು ಲೆಕ್ಕದಿಂದ ಪಡೆಯುವ ಪದ್ಧತಿ ಬೆಳೆದದ್ದು ಹತ್ತೊಂಬತ್ತನೇ ಶತಮಾನದ ಕೋಟು ಕತ್ತರಿಸುವವರ ನಡುವೆ. ಲಂಡನ್ನಿನಲ್ಲಿ 1830ರ ದಶಕದಲ್ಲಿ ಹೆನ್ರಿ ವಾಂಪೆನ್ ಅದಕ್ಕೆ ಗಣಿತದ ರೂಪ ಕೊಟ್ಟ. ಅದೇ ದಶಕದಲ್ಲಿ, 1838ರಲ್ಲಿ, ಹೆಸರು ಹೇಳಿಕೊಳ್ಳದ ಒಬ್ಬ ಮಹಿಳೆ ಬರೆದ ‘ದಿ ವರ್ಕ್‌ವುಮನ್ಸ್ ಗೈಡ್’ ಪ್ರಕಟವಾಯಿತು. ಶರ್ಟಿನ ಬಗ್ಗೆ ನಿಜವಾಗಿ ಕೇಳಬೇಕಾದದ್ದು ಈ ಪುಸ್ತಕವನ್ನು. ಮನೆಯ ಹೆಂಗಸರ ಕೈಪಿಡಿ ಎಂದು ವಿದ್ವಾಂಸರು ಇದನ್ನು ಬದಿಗಿಟ್ಟದ್ದು ದೊಡ್ಡ ಅನ್ಯಾಯ.

ಅದರಲ್ಲಿನ ಶರ್ಟುಗಳು ಆಯತ, ಚೌಕ, ತ್ರಿಕೋನದ ತುಂಡುಗಳಿಂದಾದವು. ಬಟ್ಟೆ ಪೋಲಾಗದಂತೆ ನೇರ ಗೆರೆಗಳಲ್ಲೇ ಕತ್ತರಿ ಆಡಬೇಕು. ಕತ್ತಿಗೆ ದುಂಡಗಿನ ಕೊರೆತವಿಲ್ಲ. ಸೀಳು ಬಿಟ್ಟು, ಭುಜದ ಕಡೆ ತ್ರಿಕೋನದ ತುಂಡು ಕೂರಿಸಿ, ಮಿಕ್ಕ ಬಟ್ಟೆಯನ್ನು ನೆರಿಗೆ ಹಿಡಿದು ಕಾಲರ್ ಪಟ್ಟಿಗೆ ಸೇರಿಸುತ್ತಿದ್ದರು. ಹಳೆಯ ಉಡುಪುಗಳ ಕತ್ತರಿಕೆಗೂ ಮಗ್ಗದ ಅಗಲಕ್ಕೂ ಇರುವ ನಂಟನ್ನು ಕೆನಡಾದ ಡೊರೊತಿ ಬರ್ನ್‌ಹ್ಯಾಮ್ 1973ರಲ್ಲಿ ವಿವರಿಸಿದರು. ಆದರೆ ಅವರ ಮಾತು ಡ್ರಾಫ್ಟಿಂಗ್ ಚರಿತ್ರೆಕಾರರ ಕಿವಿಗೆ ಬಿದ್ದಂತಿಲ್ಲ.

ಇಲ್ಲಿ ಗಮನಿಸಬೇಕಾದದ್ದು ನೆರಿಗೆ. ಕಾಲರ್ ಪಟ್ಟಿಯನ್ನು ಕತ್ತಿನ ಸುತ್ತಳತೆಗೆ ಕತ್ತರಿಸಿದರೆ ಸಾಕು, ಮೈಬಟ್ಟೆಯ ಹೆಚ್ಚುವರಿಯನ್ನೆಲ್ಲ ನೆರಿಗೆ ನುಂಗುತ್ತಿತ್ತು. ಮುಂದೆ ಭುಜಕ್ಕೆ ಹೊಂದುವ ಯೋಕ್ ಬಂತು, ಕತ್ತಿನ ನೆರಿಗೆ ಹೋಯಿತು. ಆಗ ಕಾಗದದ ಮೇಲಿನ ಗೆರೆಯೇ ಕತ್ತಿನಷ್ಟಿರಬೇಕಾಯಿತು. ಕೋಟಿಗೆ ಈ ತೊಂದರೆಯಿಲ್ಲ. ಅದರ ಕಾಲರ್ ಗಂಟಲಿನ ಬಳಿ ಗುಂಡಿ ಹಾಕುವಂಥದ್ದಲ್ಲ, ಅರ್ಧ ಇಂಚು ಹೆಚ್ಚಾದರೂ ಮರೆಯಾಗುತ್ತದೆ.

ಒಂದು ಅಳತೆಯನ್ನು ಹಾಕಿಯೇ ನೋಡಬಹುದು: ಎದೆ 42 ಇಂಚು, ಕತ್ತು 15½, ಭುಜ 18, ತೋಳು 24. ಎದೆಯ ಹನ್ನೆರಡನೇ ಭಾಗವೆಂದರೆ 3½. ಮಡಿಕೆಯಿಂದ ಅಷ್ಟು ಅಗಲ, ಮುಂದೆ ಅಷ್ಟೇ ಇಳಿವು ಇಟ್ಟು ದುಂಡಗೆ ಬರೆದರೆ ಮುಂಭಾಗದ ಗೆರೆ 5½ ಇಂಚಾಗುತ್ತದೆ. ಹಿಂದೆ ಮುಕ್ಕಾಲು ಇಂಚು ಏರಿಸಿ ಬರೆದ ಗೆರೆ ಸುಮಾರು 3¾. ಎರಡೂ ಬದಿ ಸೇರಿದರೆ 18½. ಕತ್ತಿಗಿಂತ ಮೂರು ಇಂಚು ದೊಡ್ಡದು. ಅದಕ್ಕೆ 15½ರ ಕಾಲರ್ ಹಚ್ಚಿದರೆ ಬುಡದಲ್ಲಿ ಸುಕ್ಕು. ಗೆರೆಗೆ ತಕ್ಕ ಕಾಲರ್ ಹಚ್ಚಿದರೆ ಗುಂಡಿ ಹಾಕಿದ ಮೇಲೂ ಗಂಟಲ ಸುತ್ತ ಬೆರಳುಗಳು ಸಲೀಸಾಗಿ ಆಡುತ್ತವೆ.

ಈಗ ಕತ್ತಿನ ಆರನೇ ಭಾಗ ತೆಗೆದುಕೊಂಡು ಕಾಲು ಇಂಚು ಸೇರಿಸಿದರೆ ಸುಮಾರು 2⅞. ಅದೇ ರೀತಿ ಬರೆದಾಗ ಇಡೀ ಗೆರೆ 15ಕ್ಕಿಂತ ತುಸು ಹೆಚ್ಚು ಬರುತ್ತದೆ. ಮುಂದಿನ ಇಳಿವನ್ನು ಕಾಲು ಇಂಚು ಹೆಚ್ಚಿಸಿದರೆ 15½ರ ಹತ್ತಿರಕ್ಕೆ ಕೂರುತ್ತದೆ. ಆರು ಎಂಬುದು ಯಾರದೋ ಊಹೆಯಲ್ಲ. ವೃತ್ತದ ಸುತ್ತಳತೆಯನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ; ಕುತ್ತಿಗೆಯನ್ನು ವೃತ್ತವೆಂದು ಭಾವಿಸಿ ಹಾಕಿದ ಲೆಕ್ಕವಿದು. ಕುತ್ತಿಗೆ ಪೂರ್ತಿ ದುಂಡಗಿರುವುದಿಲ್ಲ, ಆದ್ದರಿಂದಲೇ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಗೆರೆಯುದ್ದಕ್ಕೂ ಓಡಿಸಿ ಪರೀಕ್ಷಿಸದೆ ಬಟ್ಟೆಗೆ ಕತ್ತರಿ ಹಾಕಬಾರದು.

ಎದೆಯ ಸೂತ್ರ ಇಷ್ಟು ಕಾಲ ಉಳಿದದ್ದಕ್ಕೂ ಕಾರಣವಿದೆ. ಎದೆ 32, ಕತ್ತು 14 ಇರುವ ತೆಳ್ಳಗಿನ ಹುಡುಗನಿಗೆ ಎರಡು ಲೆಕ್ಕಗಳೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಎದೆ ತುಂಬಿದಷ್ಟು ವೇಗದಲ್ಲಿ ಕತ್ತು ದಪ್ಪವಾಗುವುದಿಲ್ಲ, ದೋಷ ಹೊರಬೀಳುವುದು ಆಗ. ಹಾಗೆಂದು ಎದೆಯಳತೆ ಬೇಡವೆಂದಲ್ಲ: ಮೈಯ ಅಗಲಕ್ಕೆ ಅದರ ಕಾಲುಭಾಗ 10½, ಸಡಿಲಿಕೆ 1½ ಸೇರಿ 12 ಇಂಚು, ಆರ್ಮ್‌ಹೋಲಿನ ಆಳಕ್ಕೂ ಅದೇ ದಿಕ್ಕು. ಅದರ ಅಧಿಕಾರ ಅಲ್ಲಿಗೆ ನಿಲ್ಲಬೇಕು.

ಅಂಗಡಿಯ ಸಿದ್ಧ ಉಡುಪೂ ಇದೇ ಸಾಕ್ಷಿ ಹೇಳುತ್ತದೆ. ಕೋಟು ಬಿಕರಿಯಾಗುವುದು ಎದೆಯ ಅಂಕಿಯಲ್ಲಿ, ಫಾರ್ಮಲ್ ಶರ್ಟು ಕತ್ತಿನ ಅಂಕಿಯಲ್ಲಿ. ನಮ್ಮಲ್ಲಿ ಅನೇಕ ಶರ್ಟುಗಳ ಕಾಲರಿನೊಳಗಿನ 39, 40, 42 ಎಂಬ ಅಂಕಿಗಳನ್ನು ಎದೆಯ ಇಂಚುಗಳೆಂದು ಓದುವವರಿದ್ದಾರೆ. ಅವು ಕತ್ತಿನ ಸೆಂಟಿಮೀಟರುಗಳು. ಮೇಲಿನ ಉದಾಹರಣೆಯ 15½ ಇಂಚು 39 ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು.

ತೋಳಿನಲ್ಲೂ ಇಂಥದೇ ತಪ್ಪು ಓದು ನಡೆದಿದೆ. ಇಂಗ್ಲಿಷ್ ಮತ್ತು ಅಮೆರಿಕನ್ ಶರ್ಟುಗಳ 33, 34 ಎಂಬ ತೋಳಳತೆ ಬೆನ್ನಿನ ನಡುವಿನಿಂದ ಆರಂಭವಾಗುತ್ತದೆ, ನಮ್ಮ ಟೈಲರುಗಳದು ಭುಜದ ತುದಿಯಿಂದ. 33ರಲ್ಲಿ ಅರ್ಧ ಭುಜ 9 ಕಳೆದರೆ 24. ಕಫಿನ ಅಗಲ 2½ನ್ನೂ ಕಳೆದು, ಕೈ ಮಡಚಲು ಅರ್ಧ ಇಂಚು ಸೇರಿಸಿದರೆ ಕಾಗದದ ಮೇಲೆ ಬರೆಯಬೇಕಾದ ತೋಳು 22.